ಊಟಕ್ಕೆ ಬಂದವರಿಗೆ ನಾಲ್ಕೈದು ಮಾತಿನ ಸ್ವಾಗತ

ಎಂಟು ಹತ್ತು ಮಂದಿಯನ್ನು ರಾತ್ರಿ ಊಟಕ್ಕೆ ಕರೆದಾಗ ಸ್ವಾಗತವನ್ನು ಎರಡು ಕಡೆ ಹಂಚಿಕೊಳ್ಳಬೇಕು: ಬಾಗಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಾತು, ಎಲ್ಲರೂ ಜಗಲಿಯಲ್ಲಿ ಕುಳಿತ ಮೇಲೆ ಒಟ್ಟಿಗೆ ನಾಲ್ಕೈದು ಮಾತು. ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಂತೂ, ತೊಯ್ದ ಕೊಡೆ ಮಡಿಸುತ್ತ, ಕಾಲಿಗೆ ಇಂಬಳ ಹತ್ತಿದೆಯೇ ಎಂದು ಬಗ್ಗಿ ನೋಡುತ್ತಿರುವವರ ಕಿವಿಗೆ ಎಷ್ಟು ಚೆಂದದ ಮಾತೂ ಬೀಳುವುದಿಲ್ಲ. ಆದ್ದರಿಂದ ಬಾಗಿಲಲ್ಲಿ, “ಬನ್ನಿ ಅತ್ತಿಗೆ, ಬನ್ನಿ, ಕೊಡೆ ಇಲ್ಲೇ ಇಡಿ, ಕಾಲಿಗೆ ಬಿಸಿನೀರು ಇಟ್ಟಿದೆ” ಎಂದರೆ ಸಾಕು. ತಡವಾದದ್ದು ಯಾಕೆ, ಸೊಸೆ ಯಾಕೆ ಬರಲಿಲ್ಲ ಎಂಬಂಥ ಪ್ರಶ್ನೆಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ಕೇಳಬಾರದು. ಉತ್ತರ ಹೇಳಲು ಇಷ್ಟವಿಲ್ಲದವರು ಊಟ ಮುಗಿಯುವವರೆಗೂ ಮುದುಡಿಕೊಂಡೇ ಇರುತ್ತಾರೆ.

ಕೈಕಾಲು ತೊಳೆದು ಬಂದವರಿಗೆ ಬೆಲ್ಲ, ನೀರು ಕೊಟ್ಟು, ಬಹುಪಾಲು ಮಂದಿ ಕುಳಿತ ಮೇಲೆ ಮನೆಯವರಲ್ಲಿ ಒಬ್ಬರು ಮಾತನಾಡಲಿ. ಆಷಾಢದ ಒಂದು ಸಂಜೆಗೆ ನಾನು ಹೇಳುವುದಾದರೆ ಹೀಗೆ ಹೇಳುತ್ತೇನೆ: “ಇಂಥ ಮಳೆಯಲ್ಲಿ ನೀವೆಲ್ಲ ಬಂದದ್ದು ನಮಗೆ ಬಹಳ ಸಂತೋಷ. ಭಾವ, ಇವರು ನಮ್ಮ ಮಗಳ ಆಫೀಸಿನವರು. ಸಾಗರದ ಹತ್ತಿರ ಇವರಿಗೂ ಅಡಿಕೆ ತೋಟವಿದೆ. ಒಳಗೆ ಕಡುಬು ಬೇಯುತ್ತಿದೆ, ಇನ್ನು ಕಾಲು ಗಂಟೆಯಲ್ಲಿ ಎಲೆ ಹಾಕುತ್ತೇವೆ. ಕಳಲೆ ಪಲ್ಯ, ಪತ್ರೊಡೆ ಮಾಡಿದ್ದೇವೆ. ಯಾವುದಕ್ಕೂ ಈರುಳ್ಳಿ ಬೆಳ್ಳುಳ್ಳಿ ಹಾಕಿಲ್ಲ, ಪಾಯಸಕ್ಕೆ ಮಾತ್ರ ಗೋಡಂಬಿ ಇದೆ. ಅಲ್ಲಿಯವರೆಗೆ ಕಷಾಯ ಕುಡಿಯುತ್ತ ಮಾತಾಡುತ್ತಿರಿ.” ನಿಧಾನವಾಗಿ ಹೇಳಿದರೂ ಇದು ಒಂದು ನಿಮಿಷ ದಾಟುವುದಿಲ್ಲ.

ಇದರಲ್ಲಿ ಪರಿಚಯದ ಮಾತನ್ನು ಸ್ವಲ್ಪ ಯೋಚಿಸಿ ಆರಿಸಬೇಕು. ಹೊಸಬರ ಹೆಸರು, ಹುದ್ದೆ ಹೇಳಿ ಬಿಟ್ಟರೆ ಹಳಬರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಹುದ್ದೆ ದೊಡ್ಡದಾಗಿದ್ದರೆ ಇನ್ನಷ್ಟು ಸುಮ್ಮನಾಗುತ್ತಾರೆ. ಅಡಿಕೆ ತೋಟವಿದೆ ಎಂಬ ಒಂದು ಸುಳಿವು ಕೊಟ್ಟರೆ, ಈ ಸಲ ಕೊಳೆ ರೋಗಕ್ಕೆ ಬೋರ್ಡೋ ಎಷ್ಟು ಸಲ ಹೊಡೆಸಿದಿರಿ ಎಂದು ಭಾವನವರೇ ಮಾತು ಶುರುಮಾಡುತ್ತಾರೆ, ಆಮೇಲೆ ಅವರನ್ನು ಎಲೆಯ ಮುಂದೆ ಕೂರಿಸುವುದೇ ಕಷ್ಟ.

ಊಟದ ಹೊತ್ತನ್ನು ಹೇಳುವುದು ಮರ್ಯಾದೆಗಾಗಿ ಮಾತ್ರವಲ್ಲ. ಸಕ್ಕರೆ ಕಾಯಿಲೆಗೆ ಊಟಕ್ಕೆ ಸ್ವಲ್ಪ ಮುಂಚೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇಂದು ಯಾವ ಪಂಕ್ತಿಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ನಿಮ್ಮ ಕಾಲು ಗಂಟೆಯನ್ನು ನಂಬಿ ಅವರು ಔಷಧಿ ತೆಗೆದುಕೊಂಡ ಮೇಲೆ ಊಟ ಒಂದು ಗಂಟೆ ತಡವಾದರೆ, ಸಕ್ಕರೆ ಇಳಿದು ಬೆವರು, ನಡುಕ ಶುರುವಾಗಬಹುದು. ಹೀಗಾಗಿ ಕಡುಬಿನ ಕೊನೆಯ ಒಬ್ಬೆ ಒಲೆಯ ಮೇಲೇರಿದ ಮೇಲೆಯೇ ಹೊತ್ತು ಹೇಳಿ, ಅದಕ್ಕಿಂತ ಮುಂಚೆ ಬೇಡ. ಅಡುಗೆಯ ವಿವರವೂ ಇದೇ ಕಾರಣಕ್ಕೆ ಬೇಕು, ಆದರೆ ಯಾರ ಪಥ್ಯವನ್ನೂ ಹತ್ತು ಜನರ ಮುಂದೆ ವಿಚಾರಿಸಬಾರದು. ಆಷಾಢ ಏಕಾದಶಿಯಿಂದ ಚಾತುರ್ಮಾಸ್ಯದ ವ್ರತ ಹಿಡಿಯುವ ಹಿರಿಯರು ಮೊದಲ ತಿಂಗಳು ತರಕಾರಿ ಮುಟ್ಟುವುದಿಲ್ಲವಾದ್ದರಿಂದ, ಅಂಥವರನ್ನು ಕರೆಯುವಾಗಲೇ ಫೋನಿನಲ್ಲಿ ಕೇಳಿಕೊಂಡು ಬೇರೆ ಅಡುಗೆ ಮಾಡಿಟ್ಟಿರಬೇಕು. ಸ್ವಾಗತದಲ್ಲಿ ಅದರ ಸುದ್ದಿಯೇ ಬರಬಾರದು.

ಬಿಡಬೇಕಾದ ಮಾತೂ ಒಂದಿದೆ. “ವಿಶೇಷ ಏನೂ ಮಾಡಿಲ್ಲ, ಇದ್ದದ್ದರಲ್ಲೇ ಹೊಂದಿಸಿಕೊಳ್ಳಬೇಕು” ಎಂದು ಹೇಳುವ ರೂಢಿ ನಮ್ಮಲ್ಲಿ ಬಹಳ. ಮಧ್ಯಾಹ್ನದಿಂದ ಕೆಸುವಿನೆಲೆಯ ನಾರು ತೆಗೆದು, ಹಿಟ್ಟು ಹಚ್ಚಿ, ಸುರುಳಿ ಸುತ್ತಿ ಬೇಯಿಸಿದವರು ಒಳಗೆ ನಿಂತು ಅದನ್ನು ಕೇಳುತ್ತಿರುತ್ತಾರೆ, ಹೊರಗೆ ಕುಳಿತವರಿಗೆ “ಛೇ ಛೇ, ಹಾಗೇನಿಲ್ಲ” ಎನ್ನುವ ಕೆಲಸ ಬೀಳುತ್ತದೆ. ವಿನಯವನ್ನು ತೋರಿಸಲೇಬೇಕೆಂದಿದ್ದರೆ ಬಡಿಸುವಾಗ “ಸಾವಕಾಶವಾಗಿ ಊಟ ಆಗಲಿ” ಎಂದರೆ ಆಯಿತು.

ಮಾತು ಉದ್ದವಾಯಿತೆಂದು ತಿಳಿಯುವುದು ಕಷ್ಟವಲ್ಲ. ಮಕ್ಕಳು ಅಡುಗೆಮನೆಯ ಕಡೆ ನೋಡುತ್ತಾರೆ, ದೊಡ್ಡವರು ಫೋನ್ ತೆಗೆಯುತ್ತಾರೆ. ಆಗ ಹೇಳುತ್ತಿರುವ ವಾಕ್ಯ ಮುಗಿಸಿ ಕಷಾಯದ ಲೋಟ ಮುಂದೆ ಮಾಡಿ. ತಡವಾಗಿ ಬಂದವರಿಗಾಗಿ ಇದನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಅವರನ್ನು ಬಾಗಿಲಲ್ಲಿ ಎದುರುಗೊಂಡು, ಪರಿಚಯವಿರುವ ಒಬ್ಬರ ಪಕ್ಕ ಕೂರಿಸಿ, ಗೋಡಂಬಿಯ ವಿಷಯವನ್ನು ಅವರಿಗಷ್ಟೇ ಕೇಳುವಂತೆ ತಿಳಿಸಿ.