ಪ್ರಗತಿ ಪತ್ರದ ಐದು ಸಾಲು: ಮೂರನೇ ತರಗತಿಯ ಓದಿನ ಬಗ್ಗೆ ಷರಾ ಬರೆಯುವ ನನ್ನ ಕ್ರಮ

ಅರ್ಧವಾರ್ಷಿಕ ಮೌಲ್ಯಮಾಪನ ಮುಗಿದ ವಾರ ಸ್ಟಾಫ್ ರೂಮಿನಲ್ಲಿ ಒಂದೇ ವಾಕ್ಯ ಮೂವತ್ತು ಪ್ರಗತಿ ಪತ್ರಗಳ ಮೇಲೆ ಓಡಾಡುತ್ತದೆ: ‘ಓದಿನಲ್ಲಿ ಹಿಂದಿದ್ದಾನೆ, ಮನೆಯಲ್ಲಿ ಗಮನ ಕೊಡಬೇಕು.’ ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಉಪಯೋಗವೂ ಇಲ್ಲ. ಯಾವುದರಲ್ಲಿ ಹಿಂದೆ, ಯಾರು ಗಮನ ಕೊಡಬೇಕು, ಗಮನ ಕೊಡುವುದೆಂದರೆ ಏನು ಮಾಡುವುದು ಎಂದು ಆ ಮನೆಯವರಿಗೆ ತಿಳಿಯುವುದಿಲ್ಲ. ಬಿ ಎಂಬ ಗ್ರೇಡು ಪಕ್ಕದ ಕಾಲಮ್ಮಿನಲ್ಲಿ ಈಗಾಗಲೇ ಹೇಳಿದ್ದನ್ನೇ ಷರಾ ಇನ್ನೊಮ್ಮೆ ಹೇಳುತ್ತದೆ, ಅಷ್ಟೇ.

ನಾನು ಷರಾ ಬರೆಯಲು ಕೂರುವ ಮೊದಲು ಒಂದು ಹಾಳೆ ತಯಾರು ಮಾಡಿಕೊಳ್ಳುತ್ತೇನೆ. ಮಕ್ಕಳು ನೋಡಿರದ, ನಲವತ್ತರಿಂದ ಐವತ್ತು ಪದಗಳ ಸಣ್ಣ ಕಥೆ. ಪಾಠದ ಕಥೆ ಬೇಡ, ಅರ್ಧದಷ್ಟು ಮಕ್ಕಳಿಗೆ ಅದು ಬಾಯಿಪಾಠ. ಪ್ರತಿ ಮಗುವಿಗೂ ಅದೇ ಕಥೆಯ ಒಂದೊಂದು ಪ್ರತಿ ನನ್ನ ಕೈಯಲ್ಲಿರುತ್ತದೆ. ಮಗು ಓದುವಾಗ ತಪ್ಪಿದ ಪದದ ಮೇಲೆ, ಅದು ಹೇಗೆ ಓದಿತೋ ಹಾಗೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ನಡುವೆ ತಿದ್ದುವುದಿಲ್ಲ. ಓದು ಮುಗಿದ ಮೇಲೆ ಕಥೆಯ ಬಗ್ಗೆ ನಾಲ್ಕು ಪ್ರಶ್ನೆ. ಒಬ್ಬರಿಗೆ ನಾಲ್ಕೈದು ನಿಮಿಷ ಸಾಕು. ದಿನಕ್ಕೆ ಐದು ಮಕ್ಕಳೆಂದರೆ ಒಂದು ವಾರದಲ್ಲಿ ತರಗತಿ ಮುಗಿಯುತ್ತದೆ. ಕಾರ್ಡು ಕೊಡುವ ಹಿಂದಿನ ದಿನ ನೆನಪಿನಿಂದ ಬರೆದರೆ, ಗಲಾಟೆ ಮಾಡುವ ಹುಡುಗನ ಓದೂ ಕೆಟ್ಟದಾಗಿ ನೆನಪಾಗುತ್ತದೆ. ಸುಮ್ಮನಿರುವ ಹುಡುಗಿಯದ್ದು ನೆನಪೇ ಆಗುವುದಿಲ್ಲ.

ಒಂದು ಹಾಳೆಯನ್ನು ಬಿಡಿಸಿ ನೋಡೋಣ. ಕುಮಟಾ ಕಡೆಯ ಹುಡುಗ, ಮನೆಮಾತು ಕೊಂಕಣಿ. ಕಥೆಯಲ್ಲಿ 46 ಪದ, ತಪ್ಪಿದ್ದು 7. ರಸ್ತೆ ‘ರಸೆ’ ಆಗಿದೆ, ಪುಸ್ತಕ ‘ಪುಸಕ’, ಮಾಸ್ತರು ‘ಮಾಸರು’, ಚಂದ್ರ ‘ಚಂದ’, ವಿದ್ಯೆ ‘ವಿದೆ’. ಉಳಿದೆರಡು ಸೂರ್ಯ, ವರ್ಷ. ಅವು ‘ಸೂಯ’, ‘ವಷ’ ಆಗಿವೆ. ಆದರೆ ಅಜ್ಜಿ, ಬೆಕ್ಕು, ಹಣ್ಣು ಎಲ್ಲ ಸರಿ. ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಸರಿಯುತ್ತರ.

ಈ ಏಳು ತಪ್ಪುಗಳು ಏಳು ಬಗೆಯವಲ್ಲ. ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದರೆ ಅವನಿಗೆ ಓದಲು ಬರುತ್ತದೆ, ಬೇರೆ ಅಕ್ಷರದ ಒತ್ತು ಬಂದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಸೂರ್ಯ, ವರ್ಷಗಳದ್ದು ಅರ್ಕಾವೊತ್ತಿನ ತೊಡಕು. ಅದು ಇನ್ನೂ ಕಷ್ಟ, ಯಾಕೆಂದರೆ ಗುರುತು ಅಕ್ಷರದ ನಂತರ ಇದೆ, ಸದ್ದು ಅಕ್ಷರಕ್ಕಿಂತ ಮೊದಲು ಬರಬೇಕು. ಕೆಲವು ಮಕ್ಕಳು ಅದನ್ನು ಒಂಬತ್ತು ಎಂದೇ ತಿಳಿದಿರುತ್ತಾರೆ, ನೋಡಲು ೯ರ ಹಾಗೇ ಇದೆಯಲ್ಲ! ಕಾಗುಣಿತ ಗಟ್ಟಿಯಾಗಿದೆ, ಅರ್ಥ ಆಗುತ್ತಿದೆ. ‘ಓದಿನಲ್ಲಿ ಹಿಂದೆ’ ಎಂದು ಬರೆದರೆ ಇದೆಲ್ಲ ಮುಚ್ಚಿಹೋಗುತ್ತದೆ.

ಇನ್ನು ಬರವಣಿಗೆ. ನಾನು ಅತಿ ಹೆಚ್ಚು ತಿದ್ದುವುದು ಕ್ರಿಯಾಪದವನ್ನು. ‘ಒತ್ತಕ್ಷರ ಓದುವುದಿಲ್ಲ’ ಎಂದು ಬರೆದರೆ ಮನೆಯಲ್ಲಿ ಅದಕ್ಕೆ ಎರಡು ಅರ್ಥ: ಬರುವುದಿಲ್ಲ ಎಂದೂ ಹೌದು, ಹಟ ಮಾಡಿ ಓದುವುದಿಲ್ಲ ಎಂದೂ ಹೌದು. ಎರಡನೆಯದೇ ಮೊದಲು ಹೊಳೆಯುವುದು. ‘ಅಕ್ಕೋರೇ, ಅಂವ ಓದೂದಿಲ್ಲ ಅಂದ್ರೆ ನೀವೇ ಎರಡು ಬಾರಿಸಿ’ ಎಂದು ತಾಯಂದಿರು ಹೇಳುವುದು ಇಂಥ ವಾಕ್ಯ ಕೇಳಿಯೇ. ‘ಓದಲು ಇನ್ನೂ ಬರುತ್ತಿಲ್ಲ’ ಎಂದರೆ ಮಾತು ಕಲಿಕೆಯ ಬಗ್ಗೆ ಆಯಿತು, ಸ್ವಭಾವದ ಬಗ್ಗೆ ಅಲ್ಲ. ಅದೇ ಲೆಕ್ಕದಲ್ಲಿ ಚುರುಕು, ಮಂದ, ಸೋಮಾರಿ, ಜಾಣ ಎಲ್ಲವನ್ನೂ ಬಿಡುತ್ತೇನೆ. ಜಾಣ ಕೂಡ, ಹೌದು. ಮುಂದಿನ ಕಾರ್ಡಿನಲ್ಲಿ ಆ ಪದ ಇಲ್ಲದಿದ್ದರೆ ಮಗು ಅದನ್ನು ಹುಡುಕುತ್ತದೆ.

ಎರಡನೆಯದು ‘ಆದರೆ’. ಹೊಗಳಿಕೆಯ ಬೆನ್ನಿಗೆ ‘ಆದರೆ’ ಬಂದರೆ ಓದುವವರು ಮೊದಲರ್ಧವನ್ನು ಮುನ್ನುಡಿ ಎಂದುಕೊಂಡು ದಾಟಿಬಿಡುತ್ತಾರೆ. ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರುಮಾಡಿದರೆ ಎರಡೂ ಉಳಿಯುತ್ತವೆ.

ಮೂರನೆಯದು ಮನೆಗೆ ಕೊಡುವ ಕೆಲಸ. ದುಡಿದು ಬಂದವರು ಮಾಡಬಹುದಾದದ್ದು, ಪುಸ್ತಕ ಕೊಳ್ಳಬೇಕಿಲ್ಲದ್ದು, ಐದು ನಿಮಿಷದ್ದು, ಮತ್ತು ದೊಡ್ಡವರಿಗೆ ಕನ್ನಡ ಓದಲು ಬಾರದಿದ್ದರೂ ನಡೆಯುವಂಥದ್ದು ಆಗಿರಬೇಕು. ಈ ಹುಡುಗನಿಗೆ ಕುಮಟಾ ಬಸ್ ನಿಲ್ದಾಣವೇ ಪಾಠದ ಪುಸ್ತಕ. ಹೊನ್ನಾವರ ಅವನಿಗೆ ಬರುತ್ತದೆ. ಭಟ್ಕಳ ‘ಭಟಳ’ ಆಗುತ್ತದೆ, ಗೋಕರ್ಣ ‘ಗೋಕಣ’ ಆಗುತ್ತದೆ. ಊರಿನ ಹೆಸರು ಆಯಿಗೆ ಗೊತ್ತೇ ಇರುವುದರಿಂದ ಮಗ ತಪ್ಪು ಓದಿದ್ದು ಅವಳಿಗೆ ಕೂಡಲೇ ತಿಳಿಯುತ್ತದೆ, ಅಕ್ಷರ ಬರಬೇಕೆಂದಿಲ್ಲ.

ಕೊನೆಗೆ ಕಾರ್ಡಿಗೆ ಹೋದದ್ದು ಹೀಗೆ:

‘ಹೊಸ ಕಥೆಯ 46 ಪದಗಳಲ್ಲಿ 39 ಸರಿಯಾಗಿ ಓದಿದ. ಕಥೆ ಅವನಿಗೆ ಅರ್ಥವಾಗುತ್ತದೆ. ರಸ್ತೆ, ಸೂರ್ಯ ಇಂಥ ಪದಗಳ ಒತ್ತಕ್ಷರ ಓದಲು ಇನ್ನೂ ಬರುತ್ತಿಲ್ಲ. ಶಾಲೆಯಲ್ಲಿ ದಿನಕ್ಕೆ ಇಂಥ ಐದು ಪದ ಓದಿಸುತ್ತೇವೆ. ಪೇಟೆಗೆ ಹೋದಾಗ ಭಟ್ಕಳ, ಗೋಕರ್ಣ ಬಸ್ಸಿನ ಬೋರ್ಡು ಅವನಿಂದ ಓದಿಸಿ.’

ಷರಾದ ಜಾಗ ಎರಡೇ ಸಾಲಿನದ್ದಾದರೆ ಚೀಟಿ ಬರೆದು ಅಂಟಿಸುತ್ತೇನೆ. ಶಾಲೆ ಮಾಡುವುದನ್ನೂ ಬರೆಯಲೇಬೇಕು, ಇಲ್ಲದಿದ್ದರೆ ಇಡೀ ಹೊರೆ ಮನೆಗೆ ಕಳಿಸಿದಂತೆ. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ನೋಡುತ್ತೇನೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಈ ಕಾರ್ಡನ್ನು ಓದಿ ಹೇಳುವುದು ಅದೇ ಮಗು. ‘ಪ್ರಗತಿ ತೃಪ್ತಿಕರವಾಗಿಲ್ಲ’ ಎಂಬ ವಾಕ್ಯವನ್ನು ಒತ್ತಕ್ಷರ ಬಾರದ ಹುಡುಗನ ಕೈಗೆ ಕೊಟ್ಟು, ಆಯಿಗೆ ಓದಿ ಹೇಳು ಎನ್ನುವುದು ಕ್ರೌರ್ಯ. ನನ್ನ ಚೀಟಿಯಲ್ಲೂ ಅವನು ಎಡವುವ ಪದಗಳಿವೆ. ಹಾಗಾಗಿ ಚೀಟಿಯನ್ನು ಮೊದಲು ಅವನ ಜೊತೆ ಕೂತು ಓದಿಯೇ ಕಳಿಸುವುದು.

ಮೂರನೇ ತರಗತಿಗೆ ಬಂದರೂ 49 ಅಕ್ಷರಗಳಲ್ಲಿ 31 ಮಾತ್ರ ಗುರುತಿಸುವ ಮಗುವಿನ ವಿಷಯ ಬೇರೆ. ಅಲ್ಲಿ ಮೆದುಮಾತು ಮೋಸವಾಗುತ್ತದೆ. ‘31 ಅಕ್ಷರ ಗುರುತಿಸುತ್ತಾಳೆ, ಈ ತರಗತಿಗೆ ಇದು ಸಾಲದು’ ಎಂದೇ ಬರೆಯುತ್ತೇನೆ. ಆದರೆ ಪಾಲಕರನ್ನು ಮೊದಲೇ ಕರೆದು ಬಾಯಲ್ಲಿ ಹೇಳಿರುತ್ತೇನೆ, ಕಾರ್ಡು ತೆರೆದಾಗ ಅದು ಹೊಸ ಸುದ್ದಿಯಾಗಬಾರದು. ಬೋರ್ಡು ನೋಡಿ ಬರೆಯುವುದರಲ್ಲೂ ತಪ್ಪುತ್ತಿದ್ದರೆ ಮೊದಲು ಕಣ್ಣಿನ ಪರೀಕ್ಷೆ. ಕಾಯಿಲೆಯ ಅಥವಾ ದೋಷದ ಹೆಸರನ್ನು ಕಾರ್ಡಿನಲ್ಲಿ ಶಿಕ್ಷಕರು ಬರೆಯಬಾರದು, ಅದು ನಮ್ಮ ಕೆಲಸವಲ್ಲ.

ವರ್ಷದ ಕೊನೆಯ ಕಾರ್ಡಿಗೆ ಮೊದಲನೆಯ ಷರಾ ಎದುರಿಗಿಟ್ಟುಕೊಂಡೇ ಬರೆಯುತ್ತೇನೆ. ಅಷ್ಟೇ ಉದ್ದದ, ಅಷ್ಟೇ ಒತ್ತಕ್ಷರಗಳಿರುವ ಬೇರೆ ಕಥೆ, ಮತ್ತೆ ಪೆನ್ಸಿಲು. ಕಥೆ ಸುಲಭವಾಗಿದ್ದರೆ ಇಲ್ಲದ ಪ್ರಗತಿ ಕಾಣಿಸುತ್ತದೆ. ಆ ಹುಡುಗನ ಎರಡನೇ ಷರಾ ಇಷ್ಟು: ‘ರಸ್ತೆ, ಚಂದ್ರ, ಭಟ್ಕಳ ಈಗ ತಡವರಿಸದೆ ಓದುತ್ತಾನೆ. ಸೂರ್ಯ, ಗೋಕರ್ಣದಲ್ಲಿ ನಿಂತು ಯೋಚಿಸಿ ಓದುತ್ತಾನೆ, ಕೆಲವೊಮ್ಮೆ ತಪ್ಪುತ್ತದೆ. ರಜೆಯಲ್ಲೂ ಬೋರ್ಡು ಓದಿಸಿ.’