ಕೀಮೋಗೆಂದು ಕೈಗೆ ಪಿಕ್ ಲೈನ್ ಹಾಕಿದ್ದಾರಾ? ಮನೆಯಲ್ಲಿ ಹೀಗೆ ನೋಡಿಕೊಳ್ಳಿ

"ಸಿಸ್ಟರ್, ನರ ಸಿಗ್ತಿಲ್ಲ ಅಂತಾರೆ, ನಾಲ್ಕು ಸಲ ಚುಚ್ಚಿದ್ರು." ಕೀಮೋ ಡೇ ಕೇರ್ ವಾರ್ಡಿನಲ್ಲಿ ನಾನು ದಿನಾ ಕೇಳುವ ಮಾತಿದು. ಎರಡು ಮೂರು ಸೈಕಲ್ ಆಗುವಷ್ಟರಲ್ಲಿ ಕೈಯ ಸಣ್ಣ ರಕ್ತನಾಳಗಳು ಗಟ್ಟಿಯಾಗಿಬಿಡುತ್ತವೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಡಾಕ್ಸೊರುಬಿಸಿನ್, ಅಂದರೆ ರೋಗಿಗಳು 'ಕೆಂಪು ಔಷಧಿ' ಅನ್ನುವುದು, ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸುಟ್ಟುಹೋಗುತ್ತದೆ. ಹಾಗಾಗಿ ಔಷಧಿಯನ್ನು ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೇ ಬಿಡುತ್ತಾರೆ. ಅಲ್ಲಿ ರಕ್ತ ರಭಸವಾಗಿ ಹರಿಯುವುದರಿಂದ ಔಷಧಿ ಕೂಡಲೇ ಬೆರೆತು ತೆಳುವಾಗುತ್ತದೆ.

ಅದಕ್ಕೆ ಎರಡು ದಾರಿ ಇವೆ. ಒಂದು ಪೋರ್ಟ್. ಎದೆಯ ಮೇಲ್ಭಾಗದಲ್ಲಿ, ಚರ್ಮದ ಅಡಿ, ಸಣ್ಣ ಆಪರೇಷನ್ ಮಾಡಿ ಇಡುವ ಡಬ್ಬಿ. ಹೊರಗೆ ಏನೂ ಕಾಣುವುದಿಲ್ಲ. ಬೇಕಾದಾಗ ಹ್ಯೂಬರ್ ಎಂಬ ವಿಶೇಷ ಸೂಜಿ ಚುಚ್ಚಿ ಔಷಧಿ ಕೊಡುತ್ತಾರೆ. ಗಾಯ ಮಾಗಿದ ಮೇಲೆ, ಸೂಜಿ ಇಲ್ಲದ ದಿನಗಳಲ್ಲಿ ಆರಾಮಾಗಿ ಸ್ನಾನ ಮಾಡಬಹುದು. ಬಳಸದೆ ಇರುವಾಗ ತಿಂಗಳಿಗೊಮ್ಮೆಯೋ ಆಸ್ಪತ್ರೆ ಹೇಳಿದ ಅಂತರದಲ್ಲೋ ಫ್ಲಶ್ ಮಾಡಿಸಿದರೆ, ಅಂದರೆ ಸಿರಿಂಜಿನಿಂದ ದ್ರವ ಬಿಟ್ಟು ಒಳಗೆ ತೊಳೆಸಿದರೆ, ಸಾಕು. ಇನ್ನೊಂದು ಪಿಕ್ ಲೈನ್. ರಟ್ಟೆಯ ಒಳಭಾಗದ ರಕ್ತನಾಳದಿಂದ ಹೃದಯದ ಬಾಗಿಲವರೆಗೆ ಹೋಗುವ, ಸುಮಾರು 40 ಸೆಂಟಿಮೀಟರ್ ಉದ್ದದ ತೆಳು ಕೊಳವೆ. ಇದರ ಬಾಲ ಮಾತ್ರ ಹೊರಗೆ ಉಳಿಯುತ್ತದೆ. ಹಾಕುವಾಗಿನ ಖರ್ಚು ಕಡಿಮೆ, ಆಪರೇಷನ್ ಥಿಯೇಟರ್ ಬೇಕಿಲ್ಲ. ಆದರೆ ಹೊರಗಿರುವ ಆ ಬಾಲ ತಿಂಗಳುಗಟ್ಟಲೆ ನಿಮ್ಮ ಮನೆಯಲ್ಲಿರುತ್ತದೆ. ಹಾಗಾಗಿ ಪಿಕ್ ಲೈನಿನ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ಡ್ರೆಸ್ಸಿಂಗ್. ಒಳಗಿನ ಜಾಗ ಕಾಣುವಂಥ ಪಾರದರ್ಶಕ ಅಂಟುಪಟ್ಟಿ ಹಾಕಿದ್ದರೆ ವಾರಕ್ಕೊಮ್ಮೆ ಬದಲಾಯಿಸಬೇಕು. ಅಡಿಯಲ್ಲಿ ಗಾಜ್ ಇದ್ದರೆ ಎರಡು ದಿನಕ್ಕೊಮ್ಮೆ. ಅಂಚು ಎದ್ದಿತು, ಒದ್ದೆಯಾಯಿತು, ಬೆವರು ತುಂಬಿತು ಎಂದರೆ ವಾರ ತುಂಬಲಿ ಎಂದು ಕಾಯಬೇಡಿ, ಅದೇ ದಿನ ಬದಲಾಯಿಸಿ. ತರಬೇತಿ ಇದ್ದವರೇ ಮಾಡಲಿ. ಪಟ್ಟಿಯನ್ನು ಕೈಬೆರಳಿನ ಕಡೆಯಿಂದ ಭುಜದ ಕಡೆಗೆ ಬಿಡಿಸಬೇಕು. ಉಲ್ಟಾ ಎಳೆದರೆ ಲೈನ್ ಕೂಡ ಜೊತೆಗೆ ಬರುತ್ತದೆ. ಕ್ಲೋರ್‌ಹೆಕ್ಸಿಡಿನ್ ಹಚ್ಚಿ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಬೇಕು. ಊದುವುದು, ಬಟ್ಟೆಯಿಂದ ಒರೆಸುವುದು ಬೇಡ. ಒಣಗುವ ಆ ಹೊತ್ತಿನಲ್ಲೇ ರೋಗಾಣು ಸಾಯುವುದು.

ಹೊರಗೆ ಎಷ್ಟು ಸೆಂಟಿಮೀಟರ್ ಲೈನ್ ಉಳಿದಿದೆ ಎಂದು ಹಾಕಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಪ್ರತಿ ಡ್ರೆಸ್ಸಿಂಗ್‌ನಲ್ಲೂ ಅಳೆಸಿ. ಅಳತೆ ಜಾಸ್ತಿಯಾಗಿದ್ದರೆ ಒಳಗಿನ ತುದಿ ಜಾಗ ಬಿಟ್ಟಿರಬಹುದು. ಹೊರಗೆ ಬಂದದ್ದನ್ನು ಒಳಗೆ ತಳ್ಳಲೇಬಾರದು. ಅಂಟಿಸಿ, ಎಕ್ಸ್‌ರೇ ಆಗುವವರೆಗೆ ಔಷಧಿ ಹಾಕಿಸಬೇಡಿ.

ಈಗ ಫ್ಲಶ್. ಲೈನ್ ಬಳಸದಿದ್ದರೂ ವಾರಕ್ಕೊಮ್ಮೆ 10 ಎಂಎಲ್ ಸಲೈನ್ ಬಿಡಬೇಕು, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಲೈನ್ ಕಟ್ಟಿಕೊಳ್ಳುತ್ತದೆ. ಸಿರಿಂಜ್ ಕೂಡ 10 ಎಂಎಲ್‌ನದ್ದೇ ಆಗಿರಬೇಕು. ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ, 2 ಎಂಎಲ್ ಸಿರಿಂಜಿನಿಂದ ಒತ್ತಿದರೆ ಲೈನ್ ಒಡೆಯಬಹುದು. ಇದು ಊರಿನ ಕ್ಲಿನಿಕ್ಕುಗಳಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕಾಗುತ್ತದೆ. ಒಂದು ಎಂಎಲ್ ಒತ್ತಿ, ಕ್ಷಣ ನಿಲ್ಲಿಸಿ, ಮತ್ತೆ ಒತ್ತಿ. ಹೀಗೆ ಬಿಟ್ಟು ಬಿಟ್ಟು ಒತ್ತಿದರೆ ನೀರು ಒಳಗೆ ಸುಳಿ ಸುತ್ತಿ ಗೋಡೆ ತೊಳೆಯುತ್ತದೆ. ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಸಿರಿಂಜ್ ಸಿಕ್ಕಿಸುವ ಮುಂಚಿನ ಕೆಲಸವೇ ಇದರಲ್ಲಿ ಮುಖ್ಯ. ಬಾಲದ ತುದಿಯ ಕ್ಯಾಪನ್ನು ಸ್ಪಿರಿಟ್ ಸ್ವ್ಯಾಬ್‌ನಿಂದ ಕನಿಷ್ಠ 15 ಸೆಕೆಂಡ್ ತಿಕ್ಕಬೇಕು. ನಿಂಬೆಹಣ್ಣು ಹಿಂಡುವ ಹಾಗೆ, ತಿರುಚಿ ತಿರುಚಿ. ಆಮೇಲೆ ಒಣಗಬೇಕು. ಸುಮ್ನೆ ಒಮ್ಮೆ ಸವರಿದರೆ ಆಗುವುದಿಲ್ಲ. ಯಾಕೆಂದರೆ ರೋಗಾಣು ಒಳಗೆ ಹೋಗಲು ಎರಡೇ ಮುಖ್ಯ ದಾರಿ. ಲೈನ್ ಚರ್ಮ ಹೊಕ್ಕ ಜಾಗದಿಂದ ಹೊರಮೈಗುಂಟ ಹೋಗುವುದು ಒಂದು. ಈ ಕ್ಯಾಪಿನಿಂದ ಕೊಳವೆಯೊಳಗೆ ಇಳಿಯುವುದು ಇನ್ನೊಂದು. ಮೊದಲನೆಯದರಲ್ಲಿ ಆ ಜಾಗ ಕೆಂಪಾಗುವುದು, ಕೀವು ಬರುವುದು ಕಾಣಿಸಬಹುದು. ಎರಡನೆಯದರಲ್ಲಿ ಹೊರಗೆ ಏನೂ ಕಾಣದೇ ಇರಬಹುದು. ಪೋರ್ಟಿಗೂ ಈ ಮಾತು ಅನ್ವಯಿಸುತ್ತದೆ. ಸೂಜಿ ಚುಚ್ಚಿದಾಗಲೆಲ್ಲ ಆ ಬಾಗಿಲು ತೆರೆಯುತ್ತದೆ.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಅಮ್ಮನ ಕಥೆ ಹೇಳಬೇಕು. ಸ್ತನ ಕ್ಯಾನ್ಸರ್, ಬಲಗಡೆ. ಹಾಗಾಗಿ ಎಡ ರಟ್ಟೆಗೆ ಪಿಕ್. ಮೂರನೇ ಕೀಮೋ ಆಗಿ ಹತ್ತನೇ ದಿನ ಊರಿನಲ್ಲೇ ಫ್ಲಶ್ ಮಾಡಿಸಿದರು. ಹಿಂದಿನ ದಿನ ಬಟ್ಟೆ ಒಗೆಯುವಾಗ ಡ್ರೆಸ್ಸಿಂಗ್ ಒದ್ದೆಯಾಗಿತ್ತು. "ಒಣಗ್ತು ಬಿಡು" ಅಂದುಕೊಂಡಿದ್ದರಂತೆ. ಫ್ಲಶ್ ಆಗಿ ಅರ್ಧ ಗಂಟೆಗೆ ಹಲ್ಲು ಕಟಕಟ ಅನ್ನುವಂಥ ನಡುಕ. ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಮಗ ಪ್ಯಾರಾಸಿಟಮಾಲ್ ಕೊಟ್ಟ, ಜ್ವರ ಇಳಿಯಿತು, ಎಲ್ಲರೂ ಮಲಗಿದರು. ಮರುದಿನ ಬೆಳಗ್ಗೆ 102 ಡಿಗ್ರಿ, ಬಿಪಿ ಕುಸಿದಿತ್ತು.

ಕೀಮೋ ಆಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ರೋಗಾಣುವನ್ನು ತಡೆಯುವವರೇ ಇಲ್ಲ. ಜೊತೆಗೆ, ಲೈನಿನ ಒಳಗೋಡೆಗೆ ಪಾಚಿಯ ಹಾಗೆ ಅಂಟಿದ್ದ ರೋಗಾಣುಗಳನ್ನು ಫ್ಲಶ್ ಒಂದೇ ಸಲ ರಕ್ತಕ್ಕೆ ತಳ್ಳಿತ್ತು. ಅದಕ್ಕೇ ಫ್ಲಶ್ ಆದ ಸ್ವಲ್ಪ ಹೊತ್ತಿಗೇ ನಡುಕ ಬಂದದ್ದು. ಈ ಗುರುತನ್ನು ಮನೆಯವರೆಲ್ಲ ನೆನಪಿಡಿ.

ಬಂದ ಕೂಡಲೇ, ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡಲು ಎರಡು ಬ್ಲಡ್ ಕಲ್ಚರ್ ತೆಗೆದೆವು, ಒಂದು ಲೈನಿನಿಂದ, ಒಂದು ಇನ್ನೊಂದು ಕೈಯಿಂದ. ಫಲಿತಾಂಶಕ್ಕೆ ಕಾಯದೆ ಆಂಟಿಬಯೋಟಿಕ್ ಶುರು ಮಾಡಿದೆವು. ಲೈನಿನ ರಕ್ತದ ಬಾಟಲಿಯಲ್ಲಿ 11 ಗಂಟೆಗಳಲ್ಲಿ ರೋಗಾಣು ಬೆಳೆಯಿತು, ಕೈಯದರಲ್ಲಿ 15 ಗಂಟೆಗಳಲ್ಲಿ. ಎರಡು ಗಂಟೆಗಿಂತ ಜಾಸ್ತಿ ಮುಂಚೆ ಲೈನಿನದು ಬೆಳೆದರೆ, ನಂಜಿನ ಮೂಲ ಲೈನೇ ಎಂದು ಅರ್ಥ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ರೋಗಾಣು ಬಂದಿತ್ತು. ಕೆಲವು ಸೌಮ್ಯ ರೋಗಾಣುಗಳಾದರೆ ಔಷಧಿ ಕೊಟ್ಟು ಲೈನ್ ಉಳಿಸಲು ನೋಡುತ್ತಾರೆ. ಇದು ಬಂದರೆ, ಅಥವಾ ಫಂಗಸ್ ಬಂದರೆ, ಲೈನ್ ತೆಗೆಯಲೇಬೇಕು. ತೆಗೆದೆವು. ಅಮ್ಮ ಚೇತರಿಸಿಕೊಂಡರು, ಆದರೆ ನಾಲ್ಕನೇ ಕೀಮೋ ಮೂರು ವಾರ ಮುಂದೆ ಹೋಯಿತು.

ಹಾಗಾಗಿ 100.4 ಡಿಗ್ರಿ ಜ್ವರ, ಅಥವಾ ಜ್ವರ ಇಲ್ಲದೆ ಬರೀ ನಡುಕ ಬಂದರೂ, ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಬೇಡ, ಅದು ಜ್ವರ ಮುಚ್ಚಿಹಾಕುತ್ತದೆ, ನಂಜನ್ನಲ್ಲ. ನಂಜಿಲ್ಲದೆ ಕೈ ಊದಿಕೊಂಡರೆ, ಭುಜ ಅಥವಾ ಕುತ್ತಿಗೆ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೂ ಅದೇ ದಿನ ತೋರಿಸಿ.

ಸ್ನಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ರಟ್ಟೆಗೆ ಪ್ಲಾಸ್ಟಿಕ್ ಸುತ್ತಿ, ಮೇಲೂ ಕೆಳಗೂ ಟೇಪ್ ಹಾಕಿ, ಆ ಕೈಯನ್ನು ಹೊರಗೆ ಚಾಚಿ ಚೊಂಬಿನಿಂದ ನೀರು ಹುಯ್ದುಕೊಳ್ಳಿ. ಹಬ್ಬಕ್ಕೂ ಎಣ್ಣೆ ಸ್ನಾನ ಬೇಡ, ಎಣ್ಣೆ ತಾಗಿದರೆ ಪಟ್ಟಿ ಹಿಡಿಯುವುದಿಲ್ಲ. ಕೆರೆ, ಹೊಳೆಗೆ ಇಳಿಯಬೇಡಿ. ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬೇಡಿ, ತುಂಬಿದ ಕೊಡ ಎತ್ತಬೇಡಿ. ಹಗುರ ಕೆಲಸ ಮಾತ್ರ ಮಾಡುತ್ತಿರಿ, ಕೈಯನ್ನು ಪೂರ್ತಿ ಅಲ್ಲಾಡಿಸದೆ ಇಟ್ಟರೂ ಹೆಪ್ಪುಗಟ್ಟುವ ಅಪಾಯವಿದೆ.

ಒಂದು ಚೀಟಿಯಲ್ಲಿ ಲೈನ್ ಹಾಕಿದ ದಿನ, ಹೊರಗಿನ ಅಳತೆ, ಕೊನೆಯ ಕೀಮೋ ದಿನ, ವಾರ್ಡಿನ ಫೋನ್ ನಂಬರ್ ಬರೆದು ಪರ್ಸಿನಲ್ಲಿಡಿ. ರಾತ್ರಿ ತುರ್ತು ವಿಭಾಗದಲ್ಲಿ ನಿಮ್ಮನ್ನು ಮೊದಲ ಸಲ ನೋಡುವ ಡಾಕ್ಟರಿಗೆ ಅದನ್ನೇ ಮೊದಲು ಕೊಡಿ.