ಡ್ಯಾಂ ಮೇಲೆ ಏಳು ಮಿಂಚು: ವೈರಲ್ ಚಿತ್ರವನ್ನು ಪರೀಕ್ಷಿಸುವುದು ಹೇಗೆ?

ಮೇ ತಿಂಗಳ ಒಂದು ಬೆಳಿಗ್ಗೆ ಕೊಪ್ಪಳದ ಯಾವುದೋ ವಾಟ್ಸ್‌ಆ್ಯಪ್ ಗುಂಪಿಗೆ "ನಿನ್ನೆ ರಾತ್ರಿ ಟಿ.ಬಿ. ಡ್ಯಾಂ ಮೇಲೆ ಸಿಡಿಲಿನ ಆರ್ಭಟ" ಎಂಬ ಒಕ್ಕಣೆಯೊಂದಿಗೆ ಚಿತ್ರವೊಂದು ಬಂದಿದೆ ಎಂದಿಟ್ಟುಕೊಳ್ಳಿ. ತುಂಗಭದ್ರಾ ಜಲಾಶಯದ ಗೇಟುಗಳಿಂದ ತ್ರಿವರ್ಣ ದೀಪಗಳ ಬೆಳಕಿನಲ್ಲಿ ನೀರು ಧುಮ್ಮಿಕ್ಕುತ್ತಿದೆ. ಮೇಲೆ ಕಪ್ಪು ಮೋಡದಿಂದ ಏಳು ಮಿಂಚುಗಳು ಒಟ್ಟಿಗೇ ಇಳಿದಿವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಭಾಗದಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯವಾದ್ದರಿಂದ ಯಾರೂ ಅನುಮಾನಿಸುವುದಿಲ್ಲ. ಇಂಥ ಚಿತ್ರಕ್ಕೆ ಕೇಳಬೇಕಾದ ಪ್ರಶ್ನೆಗಳು ಮೂರು: ಇದು ಹಳೆಯದೇ, ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿದ್ದೇ, ಅಥವಾ ಬೇರೆಲ್ಲಿಯದೋ ಆಕಾಶವನ್ನು ತಂದು ಅಂಟಿಸಿದ್ದೇ? ಒಂದಕ್ಕೆ ಉತ್ತರ ಸಿಕ್ಕಿತೆಂದು ಉಳಿದೆರಡನ್ನು ಕೈಬಿಡುವಂತಿಲ್ಲ.

ಮೊದಲು ನೆಲವನ್ನು ನೋಡಿ

ಎಲ್ಲರ ಕಣ್ಣೂ ಮಿಂಚಿನ ಮೇಲಿರುತ್ತದೆ. ಆದರೆ ತಾರೀಖಿನ ಸುಳಿವು ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಅಣೆಕಟ್ಟೆಯ ಮೇಲಿರುವ 33 ಕ್ರಸ್ಟ್ ಗೇಟುಗಳ ಎತ್ತರ ತಲಾ 20 ಅಡಿ. ಎಂದರೆ ನೀರು 1613 ಅಡಿಗಿಂತ ಮೇಲಿದ್ದರೆ ಮಾತ್ರ ಈ ಗೇಟುಗಳಿಂದ ಹೊರಗೆ ಹರಿಯಲು ಸಾಧ್ಯ. ಬೇಸಿಗೆಯ ಕೊನೆಯಲ್ಲಿ ಮಟ್ಟವು ಅದಕ್ಕಿಂತ ಬಹಳ ಕೆಳಗಿಳಿದಿರುತ್ತದೆ. ಜಲಾಶಯದ ದಿನದ ಮಟ್ಟ ಸ್ಥಳೀಯ ಪತ್ರಿಕೆಗಳಲ್ಲಿ ಬರುವುದರಿಂದ ಇದನ್ನು ಒಂದು ನಿಮಿಷದಲ್ಲಿ ಖಚಿತಪಡಿಸಿಕೊಳ್ಳಬಹುದು. ಹೀಗಾಗಿ ಚಿತ್ರದ ಕೆಳಭಾಗ "ನಿನ್ನೆ ರಾತ್ರಿ"ಯದಲ್ಲ, ಯಾವುದೋ ಮಳೆಗಾಲದ್ದು.

ಯಾವ ಮಳೆಗಾಲದ್ದು ಎಂಬುದಕ್ಕೂ ಕೆಲವೊಮ್ಮೆ ಗುರುತು ಸಿಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದೊಳಗೆ ಅಲ್ಲಿ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರು ತಡೆದರು. ಆ ಒಂದು ಕಿಂಡಿ ಮಾತ್ರ ಪೂರ್ತಿ ಬಾಯ್ದೆರೆದು ಅಬ್ಬರಿಸುತ್ತಿದ್ದರೆ ಚಿತ್ರ ಆ ದಿನಗಳದ್ದೆಂದು ಬಹುಮಟ್ಟಿಗೆ ಹೇಳಬಹುದು.

ಆದರೆ ಇಷ್ಟರಿಂದಲೇ ಆಕಾಶ ಅಂಟಿಸಿದ್ದು ಎಂದು ತೀರ್ಮಾನಿಸಬಾರದು. ಸೆಪ್ಟೆಂಬರಿನಲ್ಲೂ ಗುಡುಗು ಮಳೆ ಬರುತ್ತದೆ. ಗೇಟು ತೆರೆದ ರಾತ್ರಿಯೇ ಮಿಂಚು ಹೊಡೆದಿದ್ದು, ಚಿತ್ರ ಪೂರ್ತಿ ನಿಜವೇ ಆಗಿದ್ದು, ಹಳೆಯದಾಗಿರಲೂಬಹುದು.

ಚಿತ್ರವನ್ನು ಎರಡಾಗಿ ಕತ್ತರಿಸಿ ಹುಡುಕಿ

ಗೂಗಲ್ ಲೆನ್ಸ್‌ನಲ್ಲಿ ಇಡೀ ಚಿತ್ರವನ್ನು ಹಾಕಿದರೆ ಡ್ಯಾಂ ಚಿತ್ರಗಳೇ ಸಾಲಾಗಿ ಬರುತ್ತವೆ, ಏಕೆಂದರೆ ಅದು ಮೊದಲು ಗುರುತಿಸುವುದು ಕಟ್ಟಡವನ್ನು. ಆದ್ದರಿಂದ ಗೇಟುಗಳನ್ನು ಕತ್ತರಿಸಿ ತೆಗೆದು ಆಕಾಶವನ್ನಷ್ಟೇ ಹುಡುಕಬೇಕು. ಅದೂ ಸಿಗದಿದ್ದರೆ ಆ ತುಂಡನ್ನು ಎಡಬಲ ತಿರುಗಿಸಿ ಮತ್ತೊಮ್ಮೆ ಹುಡುಕಬೇಕು, ಏಕೆಂದರೆ ಆಕಾಶ ಅಂಟಿಸುವವರು ಹುಡುಕಾಟಕ್ಕೆ ಸಿಗದಿರಲೆಂದು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿರುವುದುಂಟು. ಚಿತ್ರದ ಹಳೆಯ ಪ್ರತಿಗಳನ್ನು ಹುಡುಕಿಕೊಡುವ ಟಿನ್‌ಐ ತಾಣದಲ್ಲಿ ಫಲಿತಾಂಶಗಳನ್ನು "Oldest" ಎಂದು ವಿಂಗಡಿಸಿದರೆ ಅತಿ ಹಳೆಯ ಪ್ರತಿ ಮೇಲೆ ಬರುತ್ತದೆ. ಅಲ್ಲಿ ಕಾಣುವ ತಾರೀಖು ಆ ತಾಣ ಚಿತ್ರವನ್ನು ಮೊದಲು ಕಂಡ ದಿನವೇ ಹೊರತು ತೆಗೆದ ದಿನವಲ್ಲ. ಹಾಗಿದ್ದರೂ ಮೂರು ವರ್ಷದ ಹಿಂದೆಯೇ ಅಲ್ಲಿ ಕಂಡಿದ್ದರೆ "ನಿನ್ನೆ" ಎಂಬ ಮಾತು ಬಿದ್ದುಹೋಗುತ್ತದೆ. ವೆನೆಜುವೆಲಾದ ಮರಕೈಬೊ ಸರೋವರದ ಬಳಿ, ಕಟಟುಂಬೊ ನದಿ ಸೇರುವಲ್ಲಿ, ವರ್ಷದ ಬಹುಪಾಲು ರಾತ್ರಿಗಳಲ್ಲಿ ಮಿಂಚು ಹೊಡೆಯುತ್ತದೆ. ನೀರಿನ ಮೇಲೆ ಹಲವು ಮಿಂಚುಗಳು ಕಂಡಾಗ ಆ ಜಾಗದ ಚಿತ್ರಗಳೊಡನೆ ಹೋಲಿಸಿ ನೋಡುವುದು ಒಳ್ಳೆಯದು.

ನೀರನ್ನೂ ಆಕಾಶವನ್ನೂ ಒಂದೇ ಗಡಿಯಾರದಲ್ಲಿ ಅಳೆಯಿರಿ

ನನ್ನ ಮಟ್ಟಿಗೆ ಇದೇ ಅತ್ಯಂತ ನಂಬಿಕೆಯ ಪರೀಕ್ಷೆ. ಒಂದು ಮಿಂಚು ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಆದ್ದರಿಂದ ರಾತ್ರಿ ಮಿಂಚು ಹಿಡಿಯುವವರು ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಟ್ಟು 10ರಿಂದ 30 ಸೆಕೆಂಡು ಶಟರ್ ತೆರೆದಿಡುತ್ತಾರೆ; ಆ ಅವಧಿಯಲ್ಲಿ ಹೊಡೆದ ಎಲ್ಲ ಮಿಂಚುಗಳೂ ಒಂದೇ ಫ್ರೇಮಿನಲ್ಲಿ ದಾಖಲಾಗುತ್ತವೆ. ಬಿರುಸಾದ ಮಳೆಯಲ್ಲಿ ಏಳು ಮಿಂಚು ಹೀಗೆ ಪ್ರಾಮಾಣಿಕವಾಗಿಯೇ ಸಿಗಬಹುದು. ಆದರೆ ಅಷ್ಟು ಹೊತ್ತು ಶಟರ್ ತೆರೆದಿದ್ದರೆ ಗೇಟಿನಿಂದ ಬೀಳುವ ನೀರು ಹಾಲಿನಂತೆ ನುಣ್ಣಗೆ ಕಾಣಬೇಕು, ರಸ್ತೆಯ ವಾಹನಗಳ ದೀಪ ಗೆರೆಯಾಗಿರಬೇಕು, ಗಾಳಿಗೆ ಅಲ್ಲಾಡುವ ಮರ ಮಸುಕಾಗಿರಬೇಕು. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನೀರಿನ ಒಂದೊಂದು ಹನಿಯೂ ಬಿಡಿಬಿಡಿಯಾಗಿ ನಿಂತಿದ್ದು, ದಡದಲ್ಲಿ ನಿಂತವರ ಮುಖ ಸ್ಪಷ್ಟವಾಗಿದ್ದರೆ, ಕೆಳಭಾಗವನ್ನು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಸಣ್ಣ ಅವಧಿಯಲ್ಲಿ ತೆಗೆದಿದ್ದಾರೆ ಎಂದರ್ಥ. ಅಷ್ಟು ಕಡಿಮೆ ಅವಧಿಯಲ್ಲಿ ಏಳು ಬೇರೆ ಬೇರೆ ಮಿಂಚುಗಳು ಸಿಗಲಾರವು. ಅಲ್ಲಿಗೆ ಎರಡು ಚಿತ್ರ ಸೇರಿವೆ ಎಂಬುದು ಖಚಿತ.

ನೀರು ನುಣ್ಣಗಿದ್ದರೆ ಮುಂದಿನ ಅನುಮಾನ ಪೇರಿಸುವಿಕೆ. ಟ್ರೈಪಾಡ್ ಕದಲಿಸದೆ ಅರ್ಧ ಗಂಟೆ ತೆಗೆದ ಹತ್ತಾರು ಫ್ರೇಮುಗಳನ್ನು ಸಾಫ್ಟ್‌ವೇರಿನಲ್ಲಿ "Lighten" ವಿಧಾನದಲ್ಲಿ ಪೇರಿಸಿದರೆ, ಪ್ರತಿ ಬಿಂದುವಿನಲ್ಲೂ ಅತ್ಯಂತ ಬೆಳಗಿದ್ದೇ ಉಳಿಯುತ್ತದೆ, ಕಪ್ಪಾಗಿದ್ದದ್ದು ಅಳಿಸಿಹೋಗುತ್ತದೆ. ಗುರುತೂ ಅಲ್ಲೇ ಇದೆ. ಮಿಂಚಿನ ಮುಂದೆ ತೂಗುವ ಕೊಂಬೆಗಳು ತೆಳ್ಳಗಾಗಿ ಕಡಿದಂತೆ ಕಾಣುತ್ತವೆ. ಮೋಡಕ್ಕೆ ಒಂದರ ಹಿಂದೆ ಒಂದರಂತೆ ಹಲವು ಅಂಚುಗಳಿರುತ್ತವೆ. ಮೋಡದ ಸಂದಿನಲ್ಲಿ ನಕ್ಷತ್ರಗಳಿದ್ದರೆ ಅವು ತುಂಡು ಗೆರೆಗಳಾಗಿರುತ್ತವೆ. ಮೋಡದ ಅಂಚು ಎರಡು ಮೂರು ಕಂಡ ಮಾತ್ರಕ್ಕೆ ಪೇರಿಸಿದ್ದು ಎನ್ನುವಂತಿಲ್ಲ, ಏಕೆಂದರೆ ಒಂದೇ ದೀರ್ಘ ಫ್ರೇಮಿನಲ್ಲೂ ಒಂದೊಂದು ಮಿಂಚು ಮೋಡವನ್ನು ಒಂದೊಂದು ಜಾಗದಲ್ಲಿ ಬೆಳಗಿಸಿರುತ್ತದೆ. ಅಂಚುಗಳು ಹತ್ತಿಪ್ಪತ್ತಾದಾಗ, ತುಂಡು ನಕ್ಷತ್ರಗಳೂ ಜತೆಗಿದ್ದಾಗ ಮಾತ್ರ ಹಾಗೆನ್ನಿ. ಪೇರಿಸುವುದು ಮೋಸವಲ್ಲ, ಛಾಯಾಗ್ರಾಹಕರು ಒಪ್ಪಿದ ಪದ್ಧತಿ. "ಏಕಕಾಲಕ್ಕೆ ಏಳು ಸಿಡಿಲು" ಎಂಬ ಒಕ್ಕಣೆ ಮಾತ್ರ ಸುಳ್ಳು.

ಮಿಂಚಿನ ಕವಲನ್ನು ಓದಿ

ಮೋಡದಿಂದ ನೆಲಕ್ಕಿಳಿಯುವ ಮಿಂಚಿನ ಕವಲುಗಳು ಕೆಳಮುಖವಾಗಿ ಹರಡುತ್ತವೆ. ಎತ್ತರದ ಟವರ್ ಅಥವಾ ಚಿಮಣಿಯಿಂದ ಮೇಲಕ್ಕೆ ಹೊರಡುವ ಮಿಂಚಿಗೆ ಮಾತ್ರ ಕವಲುಗಳು ಮೇಲ್ಮುಖವಾಗಿರುತ್ತವೆ. ಬಯಲಿನಿಂದ ಮೇಲ್ಮುಖ ಕವಲು ಹೊರಟಿದ್ದರೆ ಯಾರೋ ಮಿಂಚನ್ನು ತಲೆಕೆಳಗು ಮಾಡಿ ಅಂಟಿಸಿದ್ದಾರೆಂದು ಶಂಕಿಸಬಹುದು. ಏಳರಲ್ಲಿ ಯಾವುದಾದರೂ ಎರಡರ ತಿರುವುಗಳು ಒಂದೇ ಆಗಿವೆಯೇ ಎಂದೂ ನೋಡಿ. ಎರಡು ಮಿಂಚುಗಳು ತದ್ರೂಪವಾಗಿರುವುದಿಲ್ಲ. ನೀರಿನಲ್ಲಿ ಪ್ರತಿಬಿಂಬವಿದ್ದರೆ ಅದು ಮಿಂಚಿನ ನೇರ ಕೆಳಗೆ ಬೀಳಬೇಕು, ಪಕ್ಕಕ್ಕೆ ಸರಿದಿರಬಾರದು.

ಮೂಲ ಫೈಲನ್ನು ಕೇಳಿ

ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಚಿತ್ರವಾಗಿ ಬಂದದ್ದರಲ್ಲಿ ಕ್ಯಾಮೆರಾ ಬರೆದ ವಿವರಗಳು ಅಳಿಸಿಹೋಗಿರುತ್ತವೆ. ಚಿತ್ರ ಮತ್ತೆ ಮತ್ತೆ ಕುಗ್ಗಿರುವುದರಿಂದ ಆ ಪ್ರತಿಯ ಮೇಲೆ "ತಿದ್ದುಪಡಿ ಪತ್ತೆ" ತಾಣಗಳು ತೋರಿಸುವ ಬಣ್ಣದ ಕಲೆಗಳನ್ನೂ ನಂಬಬೇಡಿ. ಕಳುಹಿಸಿದವರನ್ನು ಹಿಂದೆ ಹಿಂದೆ ಹಿಡಿದು ತೆಗೆದವರು ಸಿಕ್ಕರೆ ಫೈಲನ್ನು "ಡಾಕ್ಯುಮೆಂಟ್" ಆಗಿ ಕಳುಹಿಸಲು ಕೇಳಿ. ತೆಗೆದ ತಾರೀಖು, ಶಟರ್ ತೆರೆದಿದ್ದ ಅವಧಿ, ಬಳಸಿದ ಸಾಫ್ಟ್‌ವೇರ್ ಇವನ್ನು ಕಂಪ್ಯೂಟರಿನಲ್ಲಿ exiftool ಎಂಬ ತಂತ್ರಾಂಶದಿಂದ ಹೀಗೆ ಓದಬಹುದು:

```
exiftool -DateTimeOriginal -ExposureTime -Software photo.jpg
```

ಸಾಫ್ಟ್‌ವೇರ್ ಹೆಸರು ಕಂಡ ಮಾತ್ರಕ್ಕೆ ಅಪರಾಧವೇನಿಲ್ಲ. ಬಣ್ಣ ಸರಿಪಡಿಸಿದರೂ ಅದು ದಾಖಲಾಗುತ್ತದೆ. ತಾರೀಖನ್ನು ಬದಲಾಯಿಸುವುದೂ ಸುಲಭ. ಹಾಗಾಗಿ ಆ ಫ್ರೇಮಿನ ಹಿಂದಿನ ಮತ್ತು ಮುಂದಿನ ಸಂಖ್ಯೆಯ ಫ್ರೇಮುಗಳನ್ನೂ ಕೇಳುವುದು ಹೆಚ್ಚು ಉಪಯುಕ್ತ. ನಿಜವಾಗಿ ತೆಗೆದವರ ಬಳಿ ಮಿಂಚಿಲ್ಲದ ಖಾಲಿ ಫ್ರೇಮುಗಳೇ ಹೆಚ್ಚಿರುತ್ತವೆ.

ಹವಾಮಾನದ ಸಾಕ್ಷ್ಯಕ್ಕೂ ಮಿತಿಯಿದೆ. ದಾಮಿನಿ, ಸಿಡಿಲು ಆ್ಯಪ್‌ಗಳಿರುವುದು ಆ ಕ್ಷಣದ ಎಚ್ಚರಿಕೆಗೆ, ಹಳೆಯ ರಾತ್ರಿಗಳನ್ನು ತೆರೆದು ನೋಡುವುದಕ್ಕಲ್ಲ. ಡ್ಯಾಂ ಪಕ್ಕದ ಮುನಿರಾಬಾದ್‌ನಲ್ಲಿ ಮಳೆ ದಾಖಲಾಗಿಲ್ಲ ಎಂಬುದೂ ಮಿಂಚಿರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ. ರಾತ್ರಿ ಹತ್ತಾರು ಕಿಲೋಮೀಟರ್ ದೂರದ ಮಿಂಚೂ ಬಯಲಿನಲ್ಲಿ ಕಾಣುತ್ತದೆ.

ಆಕಾಶದ ಮೂಲ ಸಿಗದೆ, ತೆಗೆದವರೂ ಸಿಗದೆ ಹೋದರೆ ಗುಂಪಿನಲ್ಲಿ ಬರೆಯಬೇಕಾದದ್ದು ಇಷ್ಟೇ: "ಮೇ ತಿಂಗಳಲ್ಲಿ ಗೇಟಿನಿಂದ ನೀರು ಹರಿಯುವುದಿಲ್ಲ, ಆದ್ದರಿಂದ ಇದು ನಿನ್ನೆಯದಲ್ಲ. ಹನಿಗಳು ಸ್ಪಷ್ಟವಾಗಿರುವುದರಿಂದ ಮಿಂಚನ್ನು ಬೇರೆ ಚಿತ್ರದಿಂದ ಸೇರಿಸಲಾಗಿದೆ. ಆ ಆಕಾಶ ಎಲ್ಲಿಯದೆಂದು ಗೊತ್ತಾಗಿಲ್ಲ."